ಅನಾರೋಗ್ಯದ ಕಾರಣ ವರ್ಗಾವಣೆ ಕೋರಿ



ಸರ್ಕಾರಿ ಕಚೇರಿಯ ಆಡಳಿತ ಶಾಖೆಯಲ್ಲಿ ಕುಳಿತು ನೌಕರರ ವರ್ಗಾವಣೆಯ ಕಡತಗಳನ್ನು ಮಂಡಿಸುವ ಕಾರ್ಯದಲ್ಲಿ ಸೇವೆಯ ಬಹುಭಾಗವನ್ನು ಕಳೆದವನಾದುದರಿಂದ, ಆ ಕಡತಗಳೊಳಗೆಲ್ಲ ಅತ್ಯಂತ ಕಷ್ಟದ್ದೆಂದು ನನಗೆ ತೋರಿದ ಒಂದು ಬಗೆಯ ಅರ್ಜಿಯನ್ನು ಕುರಿತು ಇಂದು ತಮ್ಮೊಡನೆ ಮಾತನಾಡಲು ಇಚ್ಛಿಸುತ್ತೇನೆ. ತಾನು ಕೆಲಸ ಮಾಡುತ್ತಿರುವ ಊರಿನಲ್ಲಿ ತನ್ನ ವ್ಯಾಧಿಗೆ ತಕ್ಕ ಚಿಕಿತ್ಸೆ ದೊರೆಯದೆಂದು, ಆದುದರಿಂದ ಅದು ದೊರೆಯುವ ನಗರಕ್ಕೆ ತನ್ನನ್ನು ವರ್ಗಾಯಿಸಬೇಕೆಂದು ನೌಕರನೊಬ್ಬನು ಬರೆದುಕೊಳ್ಳುವ ಅರ್ಜಿ ಅದು. ಬರೆಯುವವನ ಪಾಲಿಗೆ ಅದು ಪ್ರಾಣದ ಪ್ರಶ್ನೆ. ಓದುವ ಮೇಜಿನ ಪಾಲಿಗಾದರೋ ಆ ವಾರ ಬಂದ ಅನೇಕ ಅರ್ಜಿಗಳಲ್ಲಿ ಒಂದು. ನಿಜವಾಗಿ ಅರ್ಹವಾದ ಎಷ್ಟೋ ಅರ್ಜಿಗಳು ‘ಪರಿಶೀಲಿಸಲಾಗಿದೆ, ಅವಕಾಶವಿರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹದೊಡನೆ ಮರಳಿಹೋದುದನ್ನು ನಾನು ಕಂಡಿದ್ದೇನೆ. ಹಾಗಾದುದಕ್ಕೆ ಅಧಿಕಾರಿಗಳ ನಿರ್ದಯತೆ ಕಾರಣವಾಗಿದ್ದುದು ವಿರಳ. ಓದುವವನಿಗೆ ಯಾವುದು ತಿಳಿಯಬೇಕಾಗಿತ್ತೋ ಅದನ್ನೇ ಆ ಅರ್ಜಿಗಳು ಹೇಳಿರಲಿಲ್ಲ.

ಮೊದಲಿಗೆ, ಇಂತಹ ಅರ್ಜಿಗೆ ಕಾನೂನಿನ ಬಲವೆಷ್ಟು ಎಂಬುದನ್ನು ಅರಿತುಕೊಳ್ಳುವುದು ಒಳ್ಳೆಯದು. ಇಂತಹ ಊರಿನಲ್ಲಿಯೇ ಇರುತ್ತೇನೆಂದು ಹೇಳುವ ಹಕ್ಕು ಸರ್ಕಾರಿ ನೌಕರನಿಗಿಲ್ಲ. ವರ್ಗಾವಣೆಯು ಸೇವೆಯ ಅಂಗವೆಂಬುದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳುತ್ತ ಬಂದಿರುವ ಮಾತು. 1993ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಎಸ್. ಎಲ್. ಅಬ್ಬಾಸ್ ಎಂಬವರ ಮೊಕದ್ದಮೆಯನ್ನು ಆಡಳಿತ ಶಾಖೆಯವರೆಲ್ಲರೂ ಬಲ್ಲರು. ಷಿಲ್ಲಾಂಗಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯಲ್ಲಿದ್ದ ಆತನನ್ನು ಹಿಮಾಲಯ ಪ್ರದೇಶದ ಪೌರಿಗೆ ವರ್ಗಮಾಡಿದರು. ಹೆಂಡತಿಯ ಉದ್ಯೋಗವೂ ಮಕ್ಕಳ ವಿದ್ಯಾಭ್ಯಾಸವೂ ಷಿಲ್ಲಾಂಗಿನಲ್ಲಿಯೇ ಇದ್ದುದಲ್ಲದೆ, ಹಿಂದೊಮ್ಮೆ ತನ್ನ ಬೆನ್ನುಮೂಳೆಯೂ ಮುರಿದಿತ್ತೆಂದು ಆತ ಹೇಳಿಕೊಂಡಿದ್ದರು. ಸರ್ಕಾರವು ಹೊರಡಿಸುವ ವರ್ಗಾವಣೆಯ ಮಾರ್ಗಸೂಚಿಗಳು ನೌಕರನಿಗೆ ನ್ಯಾಯಾಲಯದ ಮೂಲಕ ವಸೂಲು ಮಾಡಿಕೊಳ್ಳಬಹುದಾದ ಹಕ್ಕನ್ನೇನೂ ಕೊಡುವುದಿಲ್ಲವೆಂದು ಕೋರ್ಟು ನಿರ್ಣಯಿಸಿತು. ಆದರೆ ಅದೇ ತೀರ್ಪಿನಲ್ಲಿ ಮತ್ತೊಂದು ಮಾತೂ ಇದೆ. ಅದನ್ನು ಎತ್ತಿ ಹೇಳುವವರು ಕಡಿಮೆ. ನೌಕರನು ತನ್ನ ವರ್ಗಾವಣೆಯ ವಿಷಯದಲ್ಲಿ ಮನವಿ ಮಾಡಿಕೊಂಡರೆ, ಆಡಳಿತದ ಅಗತ್ಯಗಳನ್ನು ಗಮನದಲ್ಲಿರಿಸಿಕೊಂಡು ಸಕ್ಷಮ ಪ್ರಾಧಿಕಾರವು ಅದನ್ನು ಪರಿಗಣಿಸತಕ್ಕದ್ದು ಎಂಬುದೇ ಆ ಮಾತು. ರೋಗಿಯಾದ ನೌಕರನಿಗೆ ಇರುವ ಆಧಾರ ಇಷ್ಟೇ, ಮತ್ತು ಇದು ಸಣ್ಣದೇನೂ ಅಲ್ಲ. ವರ್ಗವಾಗುವ ಹಕ್ಕು ಆತನಿಗಿಲ್ಲದಿರಬಹುದು, ತನ್ನ ಸಂಗತಿಯನ್ನು ಮನಸ್ಸಿಟ್ಟು ನೋಡಿಸಿಕೊಳ್ಳುವ ಹಕ್ಕಂತೂ ಉಂಟು. ಹಾಗಿದ್ದ ಮೇಲೆ ಅರ್ಜಿಯು ನೋಡಲು ಯೋಗ್ಯವಾದ ಸಾಮಗ್ರಿಯನ್ನು ಒದಗಿಸಲೇಬೇಕಾಗುತ್ತದೆ.

ಆ ಸಾಮಗ್ರಿ ಯಾವುದು? ವ್ಯಾಧಿಯ ಹೆಸರನ್ನು ಹೇಳಿದರೆ ಸಾಕೆಂದೂ, ಹೆಸರು ಎಷ್ಟು ಭಯಂಕರವಾದುದೋ ಅರ್ಜಿಗೆ ಅಷ್ಟು ಬಲವೆಂದೂ ಬಹುಮಂದಿ ಭಾವಿಸಿರುತ್ತಾರೆ. ಕಡತ ನೋಡುವವನ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಬೇರೆ. ಈ ವ್ಯಾಧಿಯ ಚಿಕಿತ್ಸೆಗೂ ಈತನು ವಾಸಿಸುವ ಊರಿಗೂ ಏನು ಸಂಬಂಧ? ರಜೆಯಿಂದ ತೀರುವ ತೊಂದರೆಯೇ ಇದು, ಅಥವಾ ಊರನ್ನೇ ಬದಲಿಸದ ಹೊರತು ತೀರದ್ದೇ? ಒಬ್ಬ ನೌಕರನಿಗೆ ಅರ್ಬುದ ರೋಗವಾಗಿ, ವಾರಕ್ಕೆ ಐದು ದಿನದಂತೆ ಆರು ವಾರಗಳ ವಿಕಿರಣ ಚಿಕಿತ್ಸೆ ಬೇಕಾಯಿತೆನ್ನೋಣ. ರೋಗ ಘೋರವಾದುದು, ಚಿಕಿತ್ಸೆ ದೂರದ ನಗರದಲ್ಲಿ, ಎಲ್ಲವೂ ನಿಜ. ಆದರೂ ಆ ಚಿಕಿತ್ಸೆಗೆ ಒಂದು ಕೊನೆಯುಂಟು. ಆತನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಪಡೆದು ಚಿಕಿತ್ಸೆಯನ್ನು ಮುಗಿಸಿಕೊಂಡು ಬಂದು, ಬಳಿಕ ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು ಬರುತ್ತ ಇದ್ದ ಊರಿನಲ್ಲಿಯೇ ಕೆಲಸ ಮಾಡಬಲ್ಲನು. ಅದೇ ಆ ಹೆಸರಿನಷ್ಟು ಭಯ ಹುಟ್ಟಿಸದ ಬೇರೊಂದು ವ್ಯಾಧಿಯು ವಾರ ವಾರವೂ, ವರ್ಷ ವರ್ಷವೂ, ಕೊನೆಯೆಂಬುದೇ ಇಲ್ಲದೆ ರೋಗಿಯನ್ನು ಒಂದು ಆಸ್ಪತ್ರೆಗೆ ಕಟ್ಟಿಹಾಕುವಂತಹುದಾದರೆ, ಅಲ್ಲಿ ರಜೆಯು ಉಪಾಯವಾಗಲಾರದು. ವರ್ಗಾವಣೆಗೆ ನ್ಯಾಯವಾದ ಆಸ್ಪದವಿರುವುದು ಈ ಎರಡನೆಯ ಸಂದರ್ಭದಲ್ಲಿ.

ಈ ಮಾತನ್ನು ಒಂದು ಉದಾಹರಣೆಯಿಂದ ತಿಳಿಯಪಡಿಸುತ್ತೇನೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ತಾಲ್ಲೂಕಿನ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿದ್ದ, ನಲವತ್ತು ದಾಟಿದ ಗೃಹಸ್ಥರೊಬ್ಬರ ಸಂಗತಿಯಿದು. ಹೆಸರು ಬೇಡ. ಬಹುಕಾಲದ ಸಿಹಿಮೂತ್ರ ರೋಗದಿಂದ ಅವರ ಎರಡು ಮೂತ್ರಪಿಂಡಗಳೂ ಕೆಲಸ ಮಾಡದಂತಾಗಿ, ಯಂತ್ರದಿಂದ ರಕ್ತವನ್ನು ಶೋಧಿಸುವ ಡಯಾಲಿಸಿಸ್ ಚಿಕಿತ್ಸೆಯು ಅನಿವಾರ್ಯವಾಗಿತ್ತು. ಈ ಚಿಕಿತ್ಸೆ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿಗೂ ಸುಮಾರು ನಾಲ್ಕು ಗಂಟೆ; ಹೋಗುವುದು, ತೂಕ ನೋಡುವುದು, ಸೂಜಿ ಚುಚ್ಚುವುದು, ಮುಗಿದ ಮೇಲೆ ಸುಧಾರಿಸಿಕೊಳ್ಳುವುದು ಎಲ್ಲವೂ ಸೇರಿದರೆ ಆರು ಗಂಟೆಗೆ ಕಡಿಮೆಯಾಗದು. ಒಂದು ಸರದಿ ತಪ್ಪಿತೆಂದರೆ ದೇಹದಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಅದು ಮಿತಿಮೀರಿದರೆ ಹೃದಯದ ಗತಿಯೇ ನಿಂತುಹೋಗಬಹುದು.

ಅವರು ಮೊದಲು ಬರೆದ ಅರ್ಜಿಯಲ್ಲಿ ತಮ್ಮ ಕಷ್ಟವನ್ನೆಲ್ಲ ತೋಡಿಕೊಂಡಿದ್ದರು. ವೃದ್ಧ ತಾಯಿ, ಓದುವ ಇಬ್ಬರು ಮಕ್ಕಳು, ಸಾಲ, ಮಳೆಗಾಲದ ಚಳಿ, ಇವೆಲ್ಲವನ್ನೂ ಎರಡು ಪುಟ ಬರೆದು, ಕೊನೆಗೆ ‘ಮಾನವೀಯತೆಯ ದೃಷ್ಟಿಯಿಂದ ಹುಬ್ಬಳ್ಳಿ ಅಥವಾ ಧಾರವಾಡ ಅಥವಾ ಮಂಗಳೂರು ಅಥವಾ ತಾವು ದಯಪಾಲಿಸಿದ ಯಾವುದಾದರೂ ಸ್ಥಳಕ್ಕೆ’ ತಮ್ಮನ್ನು ವರ್ಗಾಯಿಸಬೇಕೆಂದು ಬೇಡಿಕೊಂಡಿದ್ದರು. ಲಗತ್ತಿಸಿದ್ದ ಪ್ರಮಾಣಪತ್ರದಲ್ಲಿ ‘ಈತನು ದೀರ್ಘಕಾಲಿಕ ಮೂತ್ರಪಿಂಡ ರೋಗದಿಂದ ನರಳುತ್ತಿದ್ದು, ವಿಶ್ರಾಂತಿಯೂ ಉತ್ತಮ ಚಿಕಿತ್ಸೆಯೂ ಅವಶ್ಯವಾಗಿವೆ’ ಎಂದಿತ್ತು. ಕಡತವು ಸಾವಕಾಶವಾಗಿ ಮೇಲೆ ಹೋಗಿ, ಸಾವಕಾಶವಾಗಿ ಕೆಳಗಿಳಿಯಿತು. ಅದರ ಮೇಲಿನ ಷರಾ ಹೀಗಿತ್ತು: ‘ಅರ್ಜಿದಾರರು ಕರ್ತವ್ಯ ನಿರ್ವಹಿಸುತ್ತಿರುವ ತಾಲ್ಲೂಕಿನ ಆಸ್ಪತ್ರೆಯಲ್ಲಿಯೇ ಡಯಾಲಿಸಿಸ್ ಸೌಲಭ್ಯವಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ.’

ಈ ಷರಾವನ್ನು ಬರೆದವರು ಸುಳ್ಳನ್ನೇನೂ ಬರೆಯಲಿಲ್ಲ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಘೋಷಿತವಾದ ಬಳಿಕ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಅವು ತಲಪಿವೆ. ಇದರಿಂದ ಎಷ್ಟು ಬಡವರ ಪ್ರಾಣ ಉಳಿದಿದೆ ಎಂಬುದನ್ನು ಆ ಕಡೆಯ ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ. ಆದರೆ ಯಂತ್ರವಿದ್ದ ಮಾತ್ರಕ್ಕೆ ಚಿಕಿತ್ಸೆಯೆಲ್ಲವೂ ಇದ್ದಂತಾಗುವುದಿಲ್ಲ. ಈ ಅಂತರವು ಕಡತ ನೋಡುವವನಿಗೆ ತಿಳಿದಿರಲಾರದು, ಅರ್ಜಿದಾರನಿಗೆ ದಿನದಿನವೂ ತಿಳಿದಿರುತ್ತದೆ. ತನಗೆ ಅಷ್ಟು ಚೆನ್ನಾಗಿ ತಿಳಿದಿರುವುದರಿಂದಲೇ ಅದನ್ನು ಬರೆಯಬೇಕೆಂದು ಆತನಿಗೆ ತೋರುವುದಿಲ್ಲ.

ಅರ್ಜಿ ಮರಳಿದ ಮೇಲೆ ಅವರು ನನ್ನಲ್ಲಿಗೆ ಬಂದರು. “ಸಾಹೇಬರೆ, ಇನ್ನು ಬರೆಯುವುದಕ್ಕೆ ಏನು ಉಳಿದಿದೆ? ಇದ್ದದ್ದೆಲ್ಲ ಬರೆದಿದ್ದೇನೆ” ಎಂದರು. ಎಡಗೈಯ ಮಣಿಕಟ್ಟಿನ ಮೇಲುಭಾಗದಲ್ಲಿ ಚರ್ಮದಡಿ ಹಗ್ಗದಂತೆ ಉಬ್ಬಿದ ನಾಳವೊಂದಿತ್ತು. ಅದೇನೆಂದು ಕೇಳಿದಾಗ, ತೋಳನ್ನು ನನ್ನ ಮುಂದೆ ಚಾಚಿ, “ಬೆರಳಿಟ್ಟು ನೋಡಿ” ಎಂದರು. ಬೆರಳಿಟ್ಟೆ. ಸಾಮಾನ್ಯವಾದ ನಾಡಿಯ ಬಡಿತವಲ್ಲ ಅದು. ಬಡಿತಕ್ಕೂ ಬಡಿತಕ್ಕೂ ನಡುವೆ ಬಿಡುವಿಲ್ಲದೆ, ಸರ್ರೆಂದು ಹರಿಯುವ ಕಂಪನ. ಶಸ್ತ್ರವೈದ್ಯರು ಅಲ್ಲಿ ಒಂದು ಶುದ್ಧರಕ್ತನಾಳವನ್ನೂ ಒಂದು ಅಶುದ್ಧರಕ್ತನಾಳವನ್ನೂ ಜೋಡಿಸಿರುತ್ತಾರೆ. ಫಿಸ್ಟುಲಾ ಎಂದು ಅದರ ಹೆಸರು. ಜೋಡಿಸಿದ ಬಳಿಕ ಅದು ಬಲಿತು ಸೂಜಿಗೆ ಒದಗಲು ಆರೇಳು ವಾರಗಳಾದರೂ ಬೇಕು, ಅನೇಕರಿಗೆ ಅದಕ್ಕಿಂತಲೂ ಹೆಚ್ಚು. ಡಯಾಲಿಸಿಸ್ ನಡೆಯುವುದು ಆ ದಾರಿಯಿಂದಲೇ. ಪ್ರತಿದಿನ ಎದ್ದೊಡನೆ ಅವರು ಬೆರಳಿಟ್ಟು ಆ ಕಂಪನವಿದೆಯೇ ಎಂದು ನೋಡಿಕೊಳ್ಳುತ್ತಿದ್ದರಂತೆ. ಅದು ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿದೆಯೆಂದು ಅರ್ಥ; ಒಂದೆರಡು ದಿನಗಳೊಳಗೆ ಬಲ್ಲ ಶಸ್ತ್ರವೈದ್ಯನ ಕೈಗೆ ಸಿಕ್ಕಿದರೆ ಆ ದಾರಿಯನ್ನು ತೆರೆಯುವ ಸಂಭವವುಂಟು, ತಡವಾದರೆ ಅದು ಹೋದಂತೆಯೇ. ಆಮೇಲೆ ಕುತ್ತಿಗೆಯ ನಾಳಕ್ಕೆ ಕೊಳವೆ ಹಾಕಿ ಡಯಾಲಿಸಿಸ್ ನಡೆಸಬೇಕು. ಕೊಳವೆಯ ಮೂಲಕ ರಕ್ತಕ್ಕೇ ಸೋಂಕು ತಗಲುವ ಭಯ ಸದಾ ಇರುತ್ತದೆ. ಅವರ ಫಿಸ್ಟುಲಾ ಹಿಂದೊಮ್ಮೆ ಹೀಗೆ ಮುಚ್ಚಿಹೋಗಿತ್ತು. ಶ್ರಾವಣದ ಮಳೆಯಲ್ಲಿ ಘಟ್ಟದ ರಸ್ತೆಗೆ ಮಣ್ಣು ಕುಸಿದು, ಸುತ್ತುದಾರಿ ಹಿಡಿದು ಹುಬ್ಬಳ್ಳಿಯನ್ನು ತಲಪುವಷ್ಟರಲ್ಲಿ ಬಲಗೈಯ ಮೊದಲ ಫಿಸ್ಟುಲಾ ಕೈಬಿಟ್ಟಿತ್ತು. ಎಡಗೈಯದು ಎರಡನೆಯದು. ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ನಾನು ಕೇಳಿದೆ: “ಇದನ್ನು ಅರ್ಜಿಯಲ್ಲಿ ಬರೆದಿದ್ದೀರಾ?” ಬರೆದಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವಿತ್ತು, ಅದನ್ನು ನಡೆಸುವ ತಂತ್ರಜ್ಞರಿದ್ದರು. ಮೂತ್ರಪಿಂಡದ ತಜ್ಞ ವೈದ್ಯರಿರಲಿಲ್ಲ, ರಕ್ತನಾಳದ ಶಸ್ತ್ರಚಿಕಿತ್ಸಕರಿರಲಿಲ್ಲ. ಇದಲ್ಲದೆ ಇನ್ನೊಂದು ಸಂಗತಿಯೂ ಇತ್ತು. ಅವರ ಮನೆಯವರಲ್ಲಿ ಮೂತ್ರಪಿಂಡವನ್ನು ದಾನಮಾಡಲು ಸಮ್ಮತಿಸಿದವರ ರಕ್ತ ಹೊಂದಿಕೆಯಾಗದ ಕಾರಣ, ಮೃತರ ಅಂಗದಾನದಿಂದ ಮೂತ್ರಪಿಂಡವನ್ನು ಪಡೆಯಲು ನಿರೀಕ್ಷಣಾ ಪಟ್ಟಿಯಲ್ಲಿ ಅವರ ಹೆಸರು ದಾಖಲಾಗಿತ್ತು. ಈ ಪಟ್ಟಿಯಲ್ಲಿರುವವನಿಗೆ ಕರೆ ಬರುವುದು ಹಗಲಿನಲ್ಲಿಯೇ ಎಂದೇನಿಲ್ಲ. ಬೇರ್ಪಡಿಸಿದ ಮೂತ್ರಪಿಂಡವನ್ನು ಶೀತದಲ್ಲಿಟ್ಟು ಸಾಮಾನ್ಯವಾಗಿ ಒಂದು ದಿನದೊಳಗಾಗಿ ಜೋಡಿಸುತ್ತಾರೆ. ಆ ಅವಧಿಯೊಳಗೇ ರೋಗಿಯು ಬಂದು ಸೇರಬೇಕು, ದಾನಿಯ ಅಂಗವನ್ನು ಆತನ ರಕ್ತವು ಪ್ರತಿಭಟಿಸುವುದೋ ಇಲ್ಲವೋ ಎಂಬ ಪರೀಕ್ಷೆ ನಡೆಯಬೇಕು, ಬೇಕಾದರೆ ಮತ್ತೊಮ್ಮೆ ಡಯಾಲಿಸಿಸ್ ಆಗಬೇಕು. ಕರೆದಾಗ ಬರಲಾರದವನನ್ನು ಬಿಟ್ಟು ಮುಂದಿನವನನ್ನು ಕರೆಯುವುದು ನ್ಯಾಯವೇ ಸರಿ, ಏಕೆಂದರೆ ಮೂತ್ರಪಿಂಡವು ಕಾಯಲಾರದು. ಘಟ್ಟದ ತುದಿಯಲ್ಲಿ, ರಾತ್ರಿಯ ವಾಹನವಿಲ್ಲದ ಊರಿನಲ್ಲಿರುವವನ ಹೆಸರು ಪಟ್ಟಿಯಲ್ಲಿದ್ದೂ ಇಲ್ಲದಂತೆಯೇ.

ಹೀಗೆ ನೋಡಿದರೆ ಊರಿಗೂ ಚಿಕಿತ್ಸೆಗೂ ನಡುವಿನ ಸಂಬಂಧವು ಬಿಡಿಸಲಾರದ್ದೆಂಬುದು ಸ್ಪಷ್ಟವಾಗುತ್ತದೆ. ಅದನ್ನು ಹೇಳಬೇಕಾದವರು ವೈದ್ಯರು. ಪ್ರಮಾಣಪತ್ರದಲ್ಲಿ ‘ಉತ್ತಮ ಚಿಕಿತ್ಸೆ’ ಎಂಬ ಮಾತಿಗೆ ಬೆಲೆಯಿಲ್ಲ. ಉತ್ತಮವಾದುದು ಎಲ್ಲರಿಗೂ ಬೇಕು. ವ್ಯಾಧಿಯು ಯಾವ ಹಂತದಲ್ಲಿದೆ, ಚಿಕಿತ್ಸೆ ವಾರಕ್ಕೆ ಎಷ್ಟು ಬಾರಿ, ಎಷ್ಟು ಕಾಲದವರೆಗೆ, ಯಾವ ತಜ್ಞನ ಮೇಲ್ವಿಚಾರಣೆಯಲ್ಲಿ, ತುರ್ತು ಸಂಭವಿಸಿದರೆ ಎಷ್ಟು ಹೊತ್ತಿನೊಳಗೆ ಎಂತಹ ಆಸ್ಪತ್ರೆಯನ್ನು ಸೇರಬೇಕು, ಈಗಿರುವ ಊರಿನಲ್ಲಿ ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ ಎಂಬುದನ್ನು ವೈದ್ಯರು ಬರೆದುಕೊಡಬೇಕು. ಇದ್ದುದನ್ನು ಇದೆಯೆಂದು ಒಪ್ಪಿಕೊಳ್ಳುವ ಪ್ರಮಾಣಪತ್ರಕ್ಕೆ ಹೆಚ್ಚಿನ ಗೌರವ ಸಲ್ಲುತ್ತದೆಂಬುದು ನನ್ನ ಅನುಭವ. ಆ ಗೃಹಸ್ಥರು ಎರಡನೆಯ ಅರ್ಜಿಗೆ ಲಗತ್ತಿಸಿದ ಪ್ರಮಾಣಪತ್ರದಲ್ಲಿ ‘ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರವಿರುತ್ತದೆ, ಆದರೆ’ ಎಂದೇ ಆರಂಭವಾಗಿದ್ದ ಸಾಲು, ಹಿಂದಿನ ಷರಾವನ್ನು ಬರೆದ ಕೈಯಿಂದಲೇ ಮುಂದಿನ ಟಿಪ್ಪಣಿಯನ್ನು ಬರೆಸಿತು. ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದರೆ ಆ ಪತ್ರಕ್ಕೆ ಜಿಲ್ಲಾ ಶಸ್ತ್ರಚಿಕಿತ್ಸಕರ ಮೇಲುರುಜನ್ನು ಮೊದಲೇ ಮಾಡಿಸಿಕೊಳ್ಳುವುದು, ಅಥವಾ ತನ್ನನ್ನು ವೈದ್ಯಕೀಯ ಮಂಡಳಿಯ ಮುಂದೆ ಕಳುಹಿಸಿರೆಂದು ನೌಕರನೇ ಅರ್ಜಿಯಲ್ಲಿ ಕೇಳಿಕೊಳ್ಳುವುದು ಮೇಲು. ಸುಳ್ಳು ಪ್ರಮಾಣಪತ್ರಗಳು ಕಚೇರಿಗೆ ಬರುತ್ತವೆ. ಬೆನ್ನುನೋವಿನ, ರಕ್ತದೊತ್ತಡದ ಪತ್ರಗಳು ವರ್ಗಾವಣೆಯ ಋತುವಿನಲ್ಲಿ ಹೇಗೆ ಹೆಚ್ಚುತ್ತವೆಂಬುದನ್ನು ಆಡಳಿತ ಶಾಖೆಯವರು ಬಲ್ಲರು. ಒಬ್ಬ ಸುಳ್ಳುಗಾರನಿಗೆ ನಗರದ ಹುದ್ದೆ ದೊರೆತರೆ ಒಬ್ಬ ರೋಗಿಗೆ ಅದು ತಪ್ಪಿತೆಂದೇ ಲೆಕ್ಕ. ನಿಜವಾದ ರೋಗಿಯು ಆ ಸಂಶಯದ ಭಾರವನ್ನೂ ಹೊರಬೇಕಾಗಿರುವುದು ನನಗೆ ಇಂದಿಗೂ ಸಂಕಟವನ್ನುಂಟುಮಾಡುವ ವಿಷಯ. ತಾನೇ ಮುಂದಾಗಿ ಪರೀಕ್ಷೆಗೆ ಒಡ್ಡಿಕೊಳ್ಳುವುದಕ್ಕಿಂತ ಬೇರೆ ಉಪಾಯವನ್ನು ನಾನು ಕಾಣೆ.

ವೈದ್ಯರ ಮಾತಾದ ಬಳಿಕ ಸರ್ಕಾರದ ಹಿತದ ಮಾತು. ನೌಕರರು ಇದನ್ನು ಬರೆಯಲು ಸಂಕೋಚಪಡುತ್ತಾರೆ, ಆದರೆ ಇದೇ ಬಹು ಮುಖ್ಯವಾದುದೆಂದು ನನ್ನ ಭಾವನೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಮೂರು ಸರದಿಯೆಂದರೆ ವರ್ಷಕ್ಕೆ 156. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿನ ಸರದಿ ಮಾತ್ರ ಇದ್ದುದರಿಂದ ಪ್ರತಿ ಸರದಿಗೂ ಒಂದು ಕೆಲಸದ ದಿನ ಹೋಗುತ್ತಿತ್ತು. ನೌಕರನಿಗೆ ವರ್ಷಕ್ಕೆ ಗಳಿಕೆ ರಜೆ 30 ದಿನ. ಅರ್ಧ ವೇತನದ ರಜೆ 20 ದಿನ, ಅದನ್ನು ಪೂರ್ಣ ವೇತನಕ್ಕೆ ಪರಿವರ್ತಿಸಿಕೊಂಡರೆ 10 ದಿನ. ಒಟ್ಟು 40 ದಿನಗಳ ರಜೆಯು ಹದಿಮೂರು ವಾರಗಳಲ್ಲಿ ತೀರಿಹೋಗುತ್ತದೆ. ಹಿಂದೆ ಕೂಡಿಟ್ಟ ರಜೆಯಿದ್ದರೆ ಇನ್ನು ಕೆಲವು ಕಾಲ ನಡೆದೀತು; ಆಮೇಲೆ ವೇತನರಹಿತ ರಜೆ, ಅದರ ಹಿಂದೆಯೇ ಔಷಧಿಗೆ ಹಣವಿಲ್ಲದ ಸ್ಥಿತಿ. ಇತ್ತ ತಾಲ್ಲೂಕು ಕಚೇರಿಗಾದರೂ ಆತನಿಂದ ವಾರದಲ್ಲಿ ಎರಡು ಮೂರು ದಿನದ ಕೆಲಸ ಮಾತ್ರ. ಆತನ ಮೇಜಿನ ಮೇಲಿನ ಪಹಣಿ, ಪಿಂಚಣಿಗಳ ಕಡತಗಳು ಕಾಯುತ್ತಿರುತ್ತವೆ, ಅವುಗಳೊಡನೆ ಜನರೂ ಕಾಯುತ್ತಿರುತ್ತಾರೆ. ದೊಡ್ಡ ನಗರದ ಡಯಾಲಿಸಿಸ್ ಕೇಂದ್ರಗಳಲ್ಲಾದರೆ ಬೆಳಗಿನ ಜಾವದ ಸರದಿಯೂ ಸಾಯಂಕಾಲದ ಸರದಿಯೂ ಇರುತ್ತವೆ. ಕಚೇರಿ ಬಿಟ್ಟ ಮೇಲೆ ಯಂತ್ರಕ್ಕೆ ಹೋಗಿ, ರಾತ್ರಿ ಮನೆಗೆ ಬಂದು, ಮರುದಿನ ಮತ್ತೆ ಕಚೇರಿಗೆ ಹಾಜರಾಗುವವರು ಎಷ್ಟೋ ಮಂದಿ ಇದ್ದಾರೆ. ಆದುದರಿಂದ ನಾವು ಎರಡನೆಯ ಅರ್ಜಿಯಲ್ಲಿ, ‘ಹುಬ್ಬಳ್ಳಿಗೆ ವರ್ಗಾಯಿಸಿದಲ್ಲಿ ಸಾಯಂಕಾಲದ ಸರದಿಯಲ್ಲಿ ಚಿಕಿತ್ಸೆ ಪಡೆದು, ವಾರದ ಎಲ್ಲ ಕೆಲಸದ ದಿನಗಳಲ್ಲಿಯೂ ಪೂರ್ಣಾವಧಿ ಕರ್ತವ್ಯ ನಿರ್ವಹಿಸಲು ಶಕ್ತನಾಗಿರುತ್ತೇನೆ’ ಎಂದು ಬರೆದು, ಕಳೆದ ಆರು ತಿಂಗಳ ಹಾಜರಾತಿಯ ಮತ್ತು ರಜೆಯ ವಿವರವನ್ನು ಲಗತ್ತಿಸಿದೆವು. ತಾಯಿ, ಮಕ್ಕಳು, ಸಾಲಗಳ ಮಾತನ್ನು ಬಿಟ್ಟೆವು. ಅವು ನಿಜವಲ್ಲವೆಂದಲ್ಲ, ಅವು ಎಲ್ಲ ನೌಕರರಿಗೂ ಇರುವಂತಹವು. ಎರಡು ಪುಟವಿದ್ದುದು ಒಂದು ಪುಟವಾಯಿತು.

ಸ್ಥಳದ ವಿಷಯದಲ್ಲಿಯೂ ‘ಯಾವುದಾದರೂ ಸ್ಥಳ’ ಎನ್ನುವ ವಿನಯವು ಕೆಡುಕನ್ನೇ ಮಾಡುತ್ತದೆ. ಎಲ್ಲಿಗಾದರೂ ಸರಿ ಎಂದವನಿಗೆ ಚಿಕಿತ್ಸೆಗಿಂತ ಊರು ಬಿಡುವುದೇ ಬೇಕಾಗಿದೆಯೇನೋ ಎಂದು ಓದುವವನಿಗೆ ತೋರುತ್ತದೆ. ಚಿಕಿತ್ಸೆ ಹುಬ್ಬಳ್ಳಿಯಲ್ಲಿ ನಡೆಯುತ್ತಿದ್ದರೆ ಹುಬ್ಬಳ್ಳಿಯನ್ನೇ ಕೇಳಬೇಕು. ಅಲ್ಲಿಯೂ ಯಾವ ಕಚೇರಿಯಲ್ಲಿ ತನ್ನ ವೃಂದದ ಹುದ್ದೆ ಖಾಲಿಯಿದೆ ಎಂಬುದನ್ನು ಹುಡುಕಿ ಬರೆಯಬೇಕು. ಖಾಲಿ ಹುದ್ದೆಯಿಲ್ಲದಿದ್ದರೆ ಆತನಿಗಾಗಿ ಬೇರೊಬ್ಬರನ್ನು ಎಬ್ಬಿಸಬೇಕಾಗುತ್ತದೆ, ಅದಕ್ಕೆ ಯಾವ ಅಧಿಕಾರಿಯೂ ಸುಲಭವಾಗಿ ಒಪ್ಪಲಾರನು. ಘಟ್ಟದ ತಾಲ್ಲೂಕಿನ ಮಾತೂ ಇದೆ. ಅಲ್ಲಿಗೆ ಬರಲು ಒಪ್ಪುವವರು ಕಡಿಮೆ. ಇದ್ದವರೂ ಹೋದರೆ ಆ ಜನರ ಗತಿಯೇನೆಂದು ತಹಶೀಲ್ದಾರರು ಚಿಂತಿಸುವುದು ತಪ್ಪಲ್ಲ. ನಮ್ಮವರ ಸುದೈವದಿಂದ, ವೃದ್ಧ ತಂದೆತಾಯಿಗಳನ್ನು ನೋಡಿಕೊಳ್ಳಲು ಅದೇ ತಾಲ್ಲೂಕಿನ ಸ್ವಂತ ಊರಿಗೆ ಬರಬಯಸಿದ್ದ ಅದೇ ದರ್ಜೆಯ ನೌಕರರೊಬ್ಬರು ಹುಬ್ಬಳ್ಳಿಯಲ್ಲಿದ್ದರು. ಅವರ ಒಪ್ಪಿಗೆಯ ಪತ್ರವನ್ನೂ ಸೇರಿಸಿ, ಪರಸ್ಪರ ವರ್ಗಾವಣೆಯನ್ನೂ ಪರ್ಯಾಯವಾಗಿ ಪರಿಶೀಲಿಸಬಹುದೆಂದು ಸೂಚಿಸಿದೆವು. ಅರ್ಜಿಯನ್ನು ಮೇಲಧಿಕಾರಿಗಳ ಮುಖಾಂತರವೇ ಸಲ್ಲಿಸಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಅವರು ಕೈಯಲ್ಲಿಟ್ಟುಕೊಂಡರು. ನೇರವಾಗಿ ಮಂತ್ರಿಗಳ ಮನೆಗೆ ಹೋದ ಅರ್ಜಿಯು ಮತ್ತೆ ವರದಿಗಾಗಿ ಅದೇ ತಾಲ್ಲೂಕು ಕಚೇರಿಗೇ ಬಂದು ಬೀಳುತ್ತದೆ, ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಇಲ್ಲಿಯವರೆಗಿನದು ಪಡೆಯುವ ಮಾತು. ಕಳೆದುಕೊಳ್ಳುವುದನ್ನೂ ಮುಚ್ಚಿಡದೆ ಹೇಳಬೇಕು. ತಾಲ್ಲೂಕು ಕಚೇರಿಯ ಗುಮಾಸ್ತ ವರ್ಗದವರ ಜ್ಯೇಷ್ಠತೆಯು ಜಿಲ್ಲೆಯ ಮಟ್ಟದ್ದು. ಜಿಲ್ಲೆಯೊಳಗಿನ ವರ್ಗಾವಣೆಯು ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ಮುಗಿಯುತ್ತದೆ, ಜ್ಯೇಷ್ಠತೆಗೆ ಧಕ್ಕೆಯಿಲ್ಲ. ಜಿಲ್ಲೆಯನ್ನು ದಾಟಿದರೆ ಘಟಕವೇ ಬೇರೆ. 1957ರ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳ ಪ್ರಕಾರ, ಸ್ವಂತ ಕೋರಿಕೆಯ ಮೇಲೆ ಹಾಗೆ ಬಂದವನು ಆ ದಿನಕ್ಕೆ ಹೊಸ ಘಟಕದ ಆ ದರ್ಜೆಯಲ್ಲಿರುವ ಎಲ್ಲರಿಗಿಂತಲೂ ಕೆಳಗೆ ನಿಲ್ಲಬೇಕು. ವೇತನವೂ ಪಿಂಚಣಿಗೆ ಗಣಿಸುವ ಸೇವೆಯೂ ಹೋಗುವುದಿಲ್ಲ, ಬಡ್ತಿಯ ಸರದಿ ಮಾತ್ರ ಹಿಂದೆ ಬೀಳುತ್ತದೆ. ‘ಸ್ವಂತ ಕೋರಿಕೆಯ ಮೇರೆಗೆ’ ಎಂಬ ಮಾತು ಆದೇಶದಲ್ಲಿ ಬಂದಿತೆಂದರೆ ಸಾಮಾನು ಸಾಗಿಸುವ ವೆಚ್ಚವೂ ಪ್ರಯಾಣ ಭತ್ಯೆಯೂ ದೊರೆಯವು. ರೋಗವು ಯಾರ ಕೋರಿಕೆಯಿಂದಲೂ ಬರುವುದಿಲ್ಲವಾದುದರಿಂದ, ಪ್ರಾಣಾಪಾಯದ ವ್ಯಾಧಿಯಿಂದ ಊರು ಬಿಡುವವನನ್ನೂ, ಅನುಕೂಲಕ್ಕಾಗಿ ಊರು ಬದಲಿಸುವವನನ್ನೂ ಈ ನಿಯಮವು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಯೆಂದು ತೋರುವುದಿಲ್ಲ. ವೈದ್ಯಕೀಯ ಮಂಡಳಿಯು ದೃಢೀಕರಿಸಿದ ಪ್ರಕರಣಗಳಿಗಾದರೂ ಇದನ್ನು ಸಡಿಲಿಸಬೇಕೆಂದು ನಾನು ಕಚೇರಿಯಲ್ಲಿದ್ದಾಗಲೂ ಟಿಪ್ಪಣಿ ಬರೆದಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಈ ನಷ್ಟವನ್ನು ತಪ್ಪಿಸಿಕೊಳ್ಳಲು ಕೆಲವರು ವರ್ಗಾವಣೆಯ ಬದಲು ನಿಯೋಜನೆಯನ್ನು ಕೇಳುವುದುಂಟು. ಮೂಲ ಹುದ್ದೆಯ ಮೇಲಿನ ಹಕ್ಕು ಉಳಿದು, ಕೆಲಸ ಮಾತ್ರ ನಗರದಲ್ಲಿ ನಡೆಯುತ್ತದೆ. ಎರಡು ಮೂರು ವರ್ಷಗಳಲ್ಲಿ ಮುಗಿಯುವ ಚಿಕಿತ್ಸೆಗೆ, ಉದಾಹರಣೆಗೆ ನೌಕರನ ಮಗುವಿನ ರಕ್ತದ ಅರ್ಬುದಕ್ಕೆ, ಇದು ಉಚಿತವಾದ ದಾರಿ. ಮುಗಿವಿಲ್ಲದ ಡಯಾಲಿಸಿಸ್ಸಿಗೆ ಅದು ಒದಗದು. ನಿಯೋಜನೆಯನ್ನು ಯಾವ ಕ್ಷಣದಲ್ಲಾದರೂ ರದ್ದುಮಾಡಬಹುದು. ನಮ್ಮವರು ಒಂದು ರಾತ್ರಿ ಮನೆಯಲ್ಲಿ ಆಲೋಚಿಸಿ ಬಂದು, “ಬಡ್ತಿ ಬೇಕಾದರೆ ಮೊದಲು ನಾನಿರಬೇಕಲ್ಲ ಸಾಹೇಬರೆ, ನಮ್ಮ ಮನೆಯವಳೂ ಅದನ್ನೇ ಹೇಳಿದಳು” ಎಂದು, ಜ್ಯೇಷ್ಠತೆಯನ್ನು ಬಿಟ್ಟುಕೊಡಲು ಒಪ್ಪಿಗೆಯ ಮುಚ್ಚಳಿಕೆಯನ್ನು ಬರೆದುಕೊಟ್ಟರು.

ಆದೇಶವು ಬಂದಿತು. ಆದರೆ ಆದೇಶ ಕೈಗೆ ಬಂದ ದಿನವೇ ಬಿಡುಗಡೆ ಹೊಂದಿ ಹೊರಡಲು ಹವಣಿಸಿದವರನ್ನು ನಾನು ತಡೆಯಬೇಕಾಯಿತು. ನಗರದ ಡಯಾಲಿಸಿಸ್ ಕೇಂದ್ರದಲ್ಲಿ ಸರದಿಯೆಂಬುದು ಬಂದೊಡನೆ ಸಿಗುವ ವಸ್ತುವಲ್ಲ. ಇದ್ದ ರೋಗಿಗಳಿಗೆಲ್ಲ ಯಂತ್ರಗಳು ಗೊತ್ತಾಗಿರುತ್ತವೆ. ಹೊಸಬನು ಒಂದು ಸ್ಥಾನ ತೆರವಾಗುವವರೆಗೆ ಕಾಯಬೇಕಾಗಬಹುದು. ಹೊಸ ಕೇಂದ್ರದವರು ಕಾಮಾಲೆಯ ಬಿ ಮತ್ತು ಸಿ ವಿಷಾಣುಗಳಿಗೂ ಎಚ್.ಐ.ವಿ.ಗೂ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ನೋಡದೆ ಯಾರನ್ನೂ ಯಂತ್ರಕ್ಕೆ ಸೇರಿಸುವುದಿಲ್ಲ, ಏಕೆಂದರೆ ಒಬ್ಬರಿಂದ ಮತ್ತೊಬ್ಬರಿಗೆ ಸೋಂಕು ಹರಡದಂತೆ ಯಂತ್ರಗಳನ್ನು ಪ್ರತ್ಯೇಕಿಸಬೇಕಾಗುತ್ತದೆ. ನೀರಿಳಿಸಿದ ಬಳಿಕ ರೋಗಿಯ ನಿಜವಾದ ತೂಕವೆಷ್ಟು, ಯಾವ ಔಷಧಿ ಎಷ್ಟು, ಫಿಸ್ಟುಲಾಕ್ಕೆ ಯಾವ ಸೂಜಿ ಎಂಬ ವಿವರಗಳ ಸಾರಾಂಶವನ್ನು ಹಳೆಯ ಕೇಂದ್ರದಿಂದ ಬರೆಸಿಕೊಳ್ಳಬೇಕು. ಆದುದರಿಂದ ಅವರು ಮೊದಲು ಒಂದು ದಿನ ಹುಬ್ಬಳ್ಳಿಗೆ ಹೋಗಿ ಸಾಯಂಕಾಲದ ಸರದಿಯನ್ನು ಬರೆಸಿ, ರಕ್ತಪರೀಕ್ಷೆಯ ವರದಿಗಳನ್ನು ಒಪ್ಪಿಸಿ, ಸೋಮವಾರದಿಂದ ಯಂತ್ರ ಸಿಗುವುದೆಂಬ ಮಾತನ್ನು ಖಚಿತಪಡಿಸಿಕೊಂಡು ಬಂದರು. ಶನಿವಾರದಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೊನೆಯ ಸರದಿಯನ್ನು ಮುಗಿಸಿಕೊಂಡು, ಮೊದಲೇ ಸಿದ್ಧಪಡಿಸಿದ್ದ ಪಟ್ಟಿಯಂತೆ ಕಡತಗಳ ಕಾರ್ಯಭಾರವನ್ನು ಒಪ್ಪಿಸಿ, ಬಿಡುಗಡೆಯ ಆದೇಶವನ್ನೂ ಕೊನೆಯ ವೇತನ ಪ್ರಮಾಣಪತ್ರವನ್ನೂ ಪಡೆದು ಘಟ್ಟವನ್ನು ಬಿಟ್ಟರು. ಸೋಮವಾರ ಬೆಳಿಗ್ಗೆ ಹೊಸ ಕಚೇರಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಕಚೇರಿ ಮುಗಿದ ಮೇಲೆ ನಡೆದೇ ಆಸ್ಪತ್ರೆಗೆ ಹೋದರು.